ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ?

"ನಾವಿಬ್ಬರೂ ಒಪ್ಪಿಯೇ ಬೇರೆಯಾಗುತ್ತಿದ್ದೇವೆ. ಹೊಡೆತ ಬಡಿತ ಏನೂ ಇಲ್ಲ. ಮುಂದಿನ ತಿಂಗಳು ಇವರು ವಿಜಯನಗರದ ಈ ಮನೆ ಬಿಟ್ಟು ರಾಜಾಜಿನಗರದ ಅಪ್ಪ-ಅಮ್ಮನ ಮನೆಗೆ ಹೋಗುತ್ತಾರೆ. ಮಗಳಿಗೆ 9 ವರ್ಷ, ಮಗನಿಗೆ 4. 'ಅಪ್ಪ ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾನೆ ಅಂತ ಹೇಳಮ್ಮ, ಸಾಕು' ಅಂತಾರೆ ಅತ್ತೆ. ಮಕ್ಕಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರಲಿ ಅಂತಾರೆ ಇವರು. ಹೈಕೋರ್ಟೇ ಹಾಗೆ ಹೇಳಿದೆಯಂತೆ. ಏನು ಮಾಡಲಿ?"
– ಹೆಸರು ಬೇಡ, ಬೆಂಗಳೂರು

ಸಂಪಾದಕರ ಉತ್ತರ

ನಿಮ್ಮ ಅತ್ತೆಯವರ ಉಪಾಯ ಹೆಚ್ಚು ದಿನ ನಡೆಯುವುದಿಲ್ಲ. ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದು 9 ವರ್ಷದ ಹುಡುಗಿಗೆ ಆಗಲೇ ಗೊತ್ತಿರುತ್ತದೆ. ಅದಕ್ಕೆ ತಾನೇ ಕಾರಣವೋ ಎಂಬ ಅಳುಕನ್ನು ಮಾತ್ರ ಆಕೆ ಬಾಯಿಬಿಟ್ಟು ಕೇಳುವುದಿಲ್ಲ. ಹಾಗಾಗಿ ಅಪ್ಪ ಹೊರಡುವ ಎರಡು ವಾರ ಮೊದಲು, ಮಾರನೇ ದಿನ ಶಾಲೆಯಿಲ್ಲದ ಒಂದು ಸಂಜೆ, ನೀವಿಬ್ಬರೂ ಜೊತೆಗೆ ಕೂತು ಹೇಳಿ. ಮಾತು ಇಷ್ಟಿದ್ದರೆ ಸಾಕು: "ಅಪ್ಪ, ಅಮ್ಮ ಇನ್ನು ಮೇಲೆ ಬೇರೆ ಬೇರೆ ಮನೇಲಿರ್ತೀವಿ. ಇದು ದೊಡ್ಡವರು ಮಾಡಿದ ತೀರ್ಮಾನ. ನೀವು ಏನೂ ತಪ್ಪು ಮಾಡಿಲ್ಲ. ಸ್ಕೂಲು ಅದೇ, ವ್ಯಾನೂ ಅದೇ." ಯಾಕೆ ಎಂದು ಕೇಳಿದರೆ, "ನಮ್ಮಿಬ್ಬರಿಗೆ ಹೊಂದಿಕೊಂಡು ಇರೋಕೆ ಆಗ್ತಿಲ್ಲ" ಎಂಬಲ್ಲಿಗೆ ನಿಲ್ಲಿಸಿ. ಯಾರ ತಪ್ಪೆಂಬ ವಿಚಾರಣೆ ಮಕ್ಕಳ ಮುಂದೆ ಬೇಡ.

ಮಗನಿಗೆ ಒಂದು ಸಲ ಹೇಳಿದರೆ ಸಾಲದು. ದಿನಾ ರಾತ್ರಿ "ಅಪ್ಪ ಎಲ್ಲಿ?" ಎನ್ನುತ್ತಾನೆ, ದಿನಾ ಅದೇ ಉತ್ತರ ಕೊಡಿ. ಅಪ್ಪ ಹೊರಡುವ ಮೊದಲೇ ಅವನನ್ನು ರಾಜಾಜಿನಗರಕ್ಕೆ ಕರೆದೊಯ್ದು ತಾನು ಮಲಗುವ ಜಾಗ ತೋರಿಸಿ. ಅಜ್ಜಿ ಮನೆ ಎಂದೇ ಗೊತ್ತಿದ್ದ ಮನೆ ಈಗ ಅಪ್ಪನ ಮನೆಯೂ ಆಗಬೇಕಲ್ಲ.

ಇನ್ನು ಆರಾರು ತಿಂಗಳ ಮಾತು. ನಿಮ್ಮವರು ಹೇಳಿದ್ದು ಸುಳ್ಳಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್ ತನಕ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತನಕ ತಾಯಿಯ ಬಳಿ ಮಗು ಇರಲಿ ಎಂದಿತ್ತು. ಆದರೆ ಅದೇ ಆದೇಶದಲ್ಲಿ ಶನಿವಾರ, ಭಾನುವಾರ ಇನ್ನೊಬ್ಬರು ಮಗುವನ್ನು ಕಾಣುವ ಏರ್ಪಾಡೂ ಇತ್ತು. ಅದು ಆ ಮಗುವಿಗೆ ಹೊಂದುವಂತೆ ಮಾಡಿದ್ದು. ನಿಮ್ಮ 4 ವರ್ಷದವನಿಗೆ ಆರು ತಿಂಗಳೆಂದರೆ ಲೆಕ್ಕಕ್ಕೇ ಸಿಗದ ಕಾಲ. ಸರಿಸಮ ಪಾಲು ಅಪ್ಪ-ಅಮ್ಮನ ಮನಸ್ಸಿಗೆ ಸಮಾಧಾನ ಕೊಡಬಹುದು, ಆದರೆ ಅವನ ವಯಸ್ಸಿನ ಮಗುವಿಗೆ ಬೇಕಾದದ್ದು ಇಬ್ಬರೂ ಮೂರು-ನಾಲ್ಕು ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವುದು.

ಎರಡು ಮನೆಗೂ ದೂರ ಹೆಚ್ಚಿಲ್ಲದಿರುವುದು ನಿಮ್ಮ ಪುಣ್ಯ. ಹೀಗೆ ಮಾಡಿ ನೋಡಿ: ಮಂಗಳವಾರ ಸಂಜೆ ಮಕ್ಕಳು ಅಪ್ಪನ ಜೊತೆ ಊಟ ಮಾಡಿ ವಾಪಸ್ ಬರಲಿ. ಗುರುವಾರ ರಾತ್ರಿ ಅಲ್ಲೇ ಮಲಗಲಿ. ವಾರ ಬಿಟ್ಟು ವಾರ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಅಪ್ಪನ ಮನೆ. ಅಕ್ಕ-ತಮ್ಮನನ್ನು ಬೇರೆ ಮಾಡಬೇಡಿ. ಸಾಧ್ಯವಾದಷ್ಟೂ ಒಬ್ಬರು ಶಾಲೆಗೆ ಬಿಡಲಿ, ಇನ್ನೊಬ್ಬರು ಶಾಲೆಯಿಂದ ಕರೆದೊಯ್ಯಲಿ. ಆಗ ಗೇಟಿನ ಬಳಿ ನಿಮ್ಮಿಬ್ಬರ ಬಿಗಿದ ಮುಖ ಮಕ್ಕಳು ನೋಡಬೇಕಾಗಿಲ್ಲ. "ಫೀಸ್ ಕಟ್ಟೋಕೆ ಅಪ್ಪಂಗೆ ಹೇಳು" ಎಂದು ಮಗಳ ಕೈಯಲ್ಲಿ ಹೇಳಿಕಳಿಸಬೇಡಿ. ಅದನ್ನು ನೀವೇ ಮೆಸೇಜ್ ಮಾಡಿ.

ಈ ವೇಳಾಪಟ್ಟಿಯನ್ನು ಪರೀಕ್ಷಿಸಲು ಕಾನೂನೇ ನಿಮಗೆ ಸಮಯ ಕೊಟ್ಟಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮ ವಕೀಲರೂ ಹೇಳಿಯಾರು. ಪಟ್ಟಿ ಮಕ್ಕಳಿಗೆ ಒಗ್ಗಿಲ್ಲದಿದ್ದರೆ ಆ ಅವಸರ ಬೇಡ. ಮೊದಮೊದಲು ಹೊರಡುವಾಗ ಮಗ ಅಳುತ್ತಾನೆ. ಅಷ್ಟಕ್ಕೇ "ಅಲ್ಲಿ ಏನೋ ಮಾಡಿದ್ದಾರೆ" ಎಂದುಕೊಳ್ಳಬೇಡಿ. ಹೋದ ಸ್ವಲ್ಪ ಹೊತ್ತಿಗೆ ಆಡತೊಡಗಿದನೇ ಎಂದು ವಿಚಾರಿಸಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ವಾರಗಟ್ಟಲೆ ನಿಲ್ಲದಿದ್ದರೆ, ಮಗಳಿಗೆ ಪ್ರತಿ ಗುರುವಾರ ಹೊಟ್ಟೆನೋವು ಬಂದರೆ, ಮಕ್ಕಳ ಡಾಕ್ಟರಿಗೆ ತೋರಿಸಿ, ಪಟ್ಟಿಯನ್ನೂ ಬದಲಿಸಿ.

ಒಗ್ಗಿದ ಮೇಲೆ ಅದನ್ನೇ ಅರ್ಜಿಯಲ್ಲಿ ದಿನ, ಗಂಟೆ ಸಮೇತ ಬರೆಸಿ. "ಪರಸ್ಪರ ಅನುಕೂಲ ನೋಡಿಕೊಂಡು ಭೇಟಿ" ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಮುಂದಿನ ದೀಪಾವಳಿಗೇ ಜಗಳ ಶುರು. ಯುಗಾದಿ, ದೀಪಾವಳಿ ಯಾವ ವರ್ಷ ಯಾರಿಗೆ, ಬೇಸಿಗೆ ರಜೆ ಹೇಗೆ ಹಂಚಿಕೆ (ಮಗನಿಗೆ ಸದ್ಯ ಒಂದು ವಾರಕ್ಕಿಂತ ಉದ್ದ ಬೇಡ), ಪಾಸ್‌ಪೋರ್ಟ್ ಯಾರ ಬಳಿ, ಎಲ್ಲವೂ ಅದರಲ್ಲಿರಲಿ. ಮಗ ಒಂದನೇ ಕ್ಲಾಸಿಗೆ ಸೇರುವಾಗ ಮತ್ತೆ ಕೂತು ನೋಡುವುದೆಂದೂ ಸೇರಿಸಿ. ಮಕ್ಕಳ ವಿಷಯದ ಆದೇಶವನ್ನು ಆಮೇಲೂ ಬದಲಿಸಲು ಅದೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂನಲ್ಲಿ ಅವಕಾಶವಿದೆ.

ಕೊನೆಗೊಂದು ವಿಷಯ. ಕೌಟುಂಬಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಮಗಳನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸಬಹುದು. ಏನು ಹೇಳಬೇಕೆಂದು ಕಲಿಸಿ ಕಳಿಸಬೇಡಿ, ಹೊರಬಂದಾಗ ಏನು ಹೇಳಿದೆ ಎಂದೂ ಕೇಳಬೇಡಿ. "ಯಾರ ಹತ್ತಿರ ಇರ್ತೀಯಾ?" ಎಂದು ಮನೆಯಲ್ಲಿ ನೀವಾಗಲೀ ಅವರಾಗಲೀ ಅಜ್ಜಿಯಾಗಲೀ ಅವಳನ್ನು ಕೇಳುವುದು ಬೇಡ.