ಸದಾ ಕನ್ನಡಕ ಹಾಕಿದರೆ ಕಣ್ಣಿಗೆ ಅದೇ ಅಭ್ಯಾಸವಾಗಿಬಿಡುತ್ತದೆಯೇ?

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಕಳೆದ ವರ್ಷ ಎರಡೂ ಕಣ್ಣಿಗೆ ಮೈನಸ್ 1.50 ಇತ್ತು, ಈಗ ಮೈನಸ್ 2.00 ಆಗಿದೆ. ಇಡೀ ದಿನ ಹಾಕಿದ್ದಕ್ಕೇ ಪವರ್ ಏರಿತು, ಇನ್ನು ಶಾಲೆಗೆ ಮಾತ್ರ ಹಾಕಿಸು ಎಂದು ಅತ್ತೆ ಹೇಳುತ್ತಿದ್ದಾರೆ. ಮೊದಲು ಏನೂ ಹೇಳದಿದ್ದ ಮಗು ಈಗ ಕನ್ನಡಕ ತೆಗೆದರೆ ಏನೂ ಕಾಣುವುದಿಲ್ಲ ಎನ್ನುತ್ತದೆ. ಏನು ಮಾಡಲಿ?

ಇಡೀ ದಿನ ಹಾಕಿಸಿ. ನಾನು ಬಸವನಗುಡಿಯ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಮಕ್ಕಳ ದೃಷ್ಟಿ ಪರೀಕ್ಷೆ ಮಾಡುವವಳು. ನಿಮ್ಮ ಅತ್ತೆಯವರು ಹೇಳುವ ಮಾತನ್ನು ಬಹುತೇಕ ಪ್ರತಿ ಮನೆಯ ಹಿರಿಯರೂ ಹೇಳುತ್ತಾರೆ. ಅವರು ಕಂಡದ್ದು ನಿಜವೇ, ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ಮಗು ಮೊದಲು ದೂರು ಹೇಳದಿದ್ದುದು ಚೆನ್ನಾಗಿ ಕಾಣುತ್ತಿದ್ದುದರಿಂದ ಅಲ್ಲ. ಎಲ್ಲರಿಗೂ ಲೋಕ ಹೀಗೇ ಮಸುಕಾಗಿ ಕಾಣುತ್ತದೆ ಎಂದು ಅದು ತಿಳಿದಿತ್ತು. ಕನ್ನಡಕ ಬಂದ ಮೇಲೆ ಮರದ ಎಲೆಗಳು ಬಿಡಿಬಿಡಿಯಾಗಿ ಕಂಡವು, ಮಸುಕು ಯಾವುದೆಂದು ಗೊತ್ತಾಯಿತು. ನಮ್ಮಲ್ಲಿ ಇದನ್ನು ಅಕ್ಷರಫಲಕದ ಮುಂದೆಯೇ ನೋಡುತ್ತೇವೆ. ಕನ್ನಡಕ ಕೊಡುವ ದಿನ ಬರಿಗಣ್ಣಿನಲ್ಲಿ ಎಷ್ಟನೆಯ ಸಾಲಿನವರೆಗೆ ಓದಿತು ಎಂದು ಬರೆದಿಟ್ಟುಕೊಂಡು, ತಿಂಗಳ ನಂತರ ಮತ್ತೆ ಬರಿಗಣ್ಣಿನಲ್ಲಿ ಓದಿಸುತ್ತೇವೆ. ಸಾಮಾನ್ಯವಾಗಿ ಮಗು ಅದೇ ಸಾಲನ್ನು ಓದುತ್ತದೆ, ಆದರೆ ಈ ಸಲ ‘ಸರಿಯಾಗಿ ಕಾಣುತ್ತಿಲ್ಲ’ ಎಂದು ಮುಖ ಸಿಂಡರಿಸುತ್ತದೆ.

ಹಾಗಾದರೆ ಪವರ್ ಏಕೆ ಏರಿತು? ಮೈನಸ್ ಪವರ್ ಇರುವ ಕಣ್ಣಿನ ಗುಡ್ಡೆ ಹಿಂದಕ್ಕೆ ತುಸು ಉದ್ದವಾಗಿರುತ್ತದೆ. ಬೆಳಕು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಮಗು ಬೆಳೆಯುತ್ತಿರುವಾಗ ಗುಡ್ಡೆಯೂ ಬೆಳೆಯುತ್ತದೆ. ಅರ್ಧ ಪವರ್ ಏರಲು ಸುಮಾರು 0.2 ಮಿಲಿಮೀಟರ್ ಉದ್ದವಾದರೆ ಸಾಕು. ಮೂಗಿನ ಮೇಲೆ ಕುಳಿತ ಗಾಜು ಬೆಳಕಿನ ದಾರಿಯನ್ನು ತಿದ್ದುತ್ತದೆ, ಅಷ್ಟೇ. ಮೈನಸ್ 1.50 ಇದ್ದಾಗ ನಿಮ್ಮ ಮಗಳಿಗೆ ಬರಿಗಣ್ಣಿನಲ್ಲಿ ಸುಮಾರು 67 ಸೆಂಟಿಮೀಟರ್‌ವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಈಗ 50ರವರೆಗೆ. ಕಪ್ಪುಹಲಗೆ ಆಗಲೂ ಈಗಲೂ ಅದರಾಚೆಗೇ ಇದೆ.

ಕಣ್ಣಿಗೆ ‘ಶ್ರಮ ಕೊಟ್ಟರೆ’ ಏರಿಕೆ ನಿಲ್ಲುತ್ತದೆಯೇ ಎಂಬುದನ್ನೂ ಪರೀಕ್ಷಿಸಿದ್ದಾರೆ. ಮಲೇಷ್ಯಾದಲ್ಲಿ 94 ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಪೂರ್ತಿ ಪವರ್, ಉಳಿದವರಿಗೆ ಬೇಕೆಂದೇ ಸುಮಾರು 0.75ರಷ್ಟು ಕಡಿಮೆ ಪವರ್ ಕೊಟ್ಟರು. ಎರಡು ವರ್ಷದಲ್ಲಿ ಪೂರ್ತಿ ಪಡೆದವರಿಗೆ ಸರಾಸರಿ 0.77, ಕಡಿಮೆ ಪಡೆದವರಿಗೆ 1.00 ಏರಿತ್ತು. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲವಾದರೂ, ಕಡಿಮೆ ಪವರ್ ಕೊಟ್ಟು ಏರಿಕೆ ತಡೆಯಬಹುದೆಂದು ನಂಬಲು ಆಧಾರ ಸಾಲದು.

ಕನ್ನಡಕ ತೆಗೆದಿಡುವುದರಿಂದ ನಿಜವಾದ ಹಾನಿ ಆಗುವುದು ಬೇರೆ ಬಗೆಯ ಮಕ್ಕಳಿಗೆ. ಅದನ್ನು ನೋಡಿ ನನಗೆ ಸಂಕಟವಾಗುತ್ತದೆ. ಆರು ವರ್ಷದ ಹುಡುಗನೊಬ್ಬನಿಗೆ ಬಲಗಣ್ಣು ಪ್ಲಸ್ 1.00, ಎಡಗಣ್ಣು ಪ್ಲಸ್ 4.50 ಇತ್ತು. ಬಲಗಣ್ಣಿನಿಂದ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ, ಆದ್ದರಿಂದ ‘ಚೆನ್ನಾಗಿಯೇ ಕಾಣುತ್ತದಲ್ಲ’ ಎಂದು ಮನೆಯವರು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟಿದ್ದರು. ಎಡಗಣ್ಣಿನಿಂದ ಮೆದುಳಿಗೆ ಹೋಗುತ್ತಿದ್ದುದು ಬರೀ ಮಸುಕು. ನೋಡುವುದನ್ನು ಮೆದುಳು ಕಲಿಯುವುದು ಮುಖ್ಯವಾಗಿ ಏಳೆಂಟು ವರ್ಷದೊಳಗೆ, ಆಗ ಮಸುಕನ್ನೇ ಪಡೆದ ಕಣ್ಣನ್ನು ಅದು ಕಡೆಗಣಿಸುತ್ತದೆ. ನಮ್ಮಲ್ಲಿಗೆ ಬಂದಾಗ ಸರಿಯಾದ ಗಾಜು ಹಾಕಿದರೂ ಎಡಗಣ್ಣು 6/24 ಸಾಲಿನಲ್ಲೇ ನಿಂತಿತು, ಅಂದರೆ ಸರಿಯಾದ ಕಣ್ಣು 24 ಮೀಟರ್‌ನಿಂದ ಓದುವ ಅಕ್ಷರವನ್ನು ಅದು ಆರು ಮೀಟರ್‌ನಿಂದಷ್ಟೇ ಓದುತ್ತಿತ್ತು. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಎದ್ದಾಗಿನಿಂದ ಮಲಗುವವರೆಗೆ ಕನ್ನಡಕ, ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ, ಆ ಹೊತ್ತಿನಲ್ಲಿ ಬಣ್ಣ ತುಂಬುವ ಕೆಲಸ: ಹೀಗೆ ತಿಂಗಳುಗಟ್ಟಲೆ ನಡೆಸಿದ ಮೇಲೆ 6/9 ಬಂತು. ವಯಸ್ಸು ಹೆಚ್ಚಿದಂತೆ ಇದು ಕಷ್ಟವಾಗುತ್ತಾ ಹೋಗುತ್ತದೆ.

ಅದಕ್ಕೇ ಚೀಟಿಯಲ್ಲಿ ಎರಡೂ ಕಣ್ಣಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿ. ನಿಮ್ಮ ಮಗಳದು ಎರಡೂ ಸಮ, ಅದೂ ಮೈನಸ್. ಹತ್ತಿರದ್ದು ಬರಿಗಣ್ಣಿಗೂ ಕಾಣುವುದರಿಂದ ಮಲಗುವ ಮುನ್ನ ಕನ್ನಡಕ ತೆಗೆದು ಕಥೆಪುಸ್ತಕ ಓದಿದರೆ ಏನೂ ಆಗದು. ಅಂಕಿಗಳಲ್ಲಿ ವ್ಯತ್ಯಾಸ ದೊಡ್ಡದಿದ್ದರೆ, ಹೆಚ್ಚು ಪ್ಲಸ್ ಇದ್ದರೆ ಅಥವಾ ಮೆಳ್ಳೆಗಣ್ಣಿದ್ದರೆ ಮಾತ್ರ ಈ ಸಡಿಲಿಕೆ ಬೇಡ.

ಅತ್ತೆಯವರ ಅನುಮಾನದಲ್ಲಿ ಗಮನಿಸಬೇಕಾದ ಒಂದಂಶವಿದೆ. ಮಕ್ಕಳ ಕಣ್ಣು ತಾನಾಗಿ ಬಿಗಿದುಕೊಂಡು ಫೋಕಸ್ ಮಾಡುವುದರಿಂದ, ಆ ಬಿಗಿತವನ್ನು ಸಡಿಲಿಸುವ ಹನಿ ಹಾಕದೆ ಪರೀಕ್ಷಿಸಿದರೆ ಮೈನಸ್ ಪವರ್ ಇದ್ದದ್ದಕ್ಕಿಂತ ಹೆಚ್ಚು ಬರಬಹುದು. ಹೆಚ್ಚಿನ ಪವರ್ ಹಾಕಿದ ಮಗು ಓದುವಾಗ ತಲೆನೋವು ಎನ್ನುತ್ತದೆ. ಹೊಸ ಮೈನಸ್ 2.00 ಅಂಗಡಿಯ ಕಂಪ್ಯೂಟರ್ ಚೀಟಿಯಷ್ಟೇ ಆಗಿದ್ದರೆ, ಹನಿ ಹಾಕಿ ನೋಡುವ ಕಣ್ಣಿನ ವೈದ್ಯರಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಹನಿಯ ನಂತರವೂ ಅದೇ ಬಂದರೆ ಏರಿಕೆ ನಿಜ. ಆಗ ಏರಿಕೆಯ ವೇಗ ತಗ್ಗಿಸಲು ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿ ನಿಮ್ಮ ಮಗಳಿಗೆ ಬೇಕೇ ಎಂದು ಅವರನ್ನೇ ಕೇಳಿ, ಆರು ತಿಂಗಳಿಗೊಮ್ಮೆ ಪವರ್ ನೋಡಿಸಿ.