ಸ್ಟ್ರಿಕ್ಟಾ, ಅಬ್ಸಲ್ಯೂಟಾ? ‘ಏಕೆಂದರೆ’ ಆದಮೇಲೆ ಏನಿದೆ ಓದಿ

*ಪ್ರಶ್ನೆ: ಟಾರ್ಟ್ಸ್‌ನಲ್ಲಿ ಸ್ಟ್ರಿಕ್ಟ್ ಲಯಬಿಲಿಟಿ, ಅಬ್ಸಲ್ಯೂಟ್ ಲಯಬಿಲಿಟಿ ಎರಡೂ ಓದಿದ್ದೀನಿ. ವ್ಯಾಖ್ಯೆ ಕೇಳಿದ್ರೆ ಹೇಳ್ತೀನಿ. ಆದ್ರೆ ನಾಲ್ಕು ಆಯ್ಕೆ ಕೊಟ್ರೆ ಎರಡು ಸರಿ ಅನ್ಸುತ್ತೆ, ಕೊನೆಗೆ ತಪ್ಪನ್ನೇ ಟಿಕ್ ಮಾಡ್ತೀನಿ. ಎಲ್ಲಿ ಎಡವುತ್ತಿದ್ದೀನಿ?*

ನಾನು ಹಾಸನದಲ್ಲಿ ವಕೀಲ. ಸಿವಿಲ್ ಜಡ್ಜ್ ಪರೀಕ್ಷೆಗೆ ಓದುವ ಮೂರ್ನಾಲ್ಕು ಜನ ಜೂನಿಯರ್‌ಗಳು ಸಂಜೆ ನನ್ನ ಆಫೀಸಿಗೆ ಬರುತ್ತಾರೆ. ಅವರೂ ಇಲ್ಲೇ ಎಡವುತ್ತಾರೆ. ಅವರ ತಪ್ಪು ಉತ್ತರಗಳನ್ನು ಜೊತೆಗೆ ಕೂತು ನೋಡಿದಾಗ ಒಂದು ವಿಷಯ ಗೊತ್ತಾಯಿತು. ‘ಕಂಪನಿ ಹೊಣೆ’ ಅಥವಾ ‘ಹೊಣೆಯಲ್ಲ’ ಅನ್ನುವ ಮೊದಲ ಅರ್ಧ ಓದಿದ ಕೂಡಲೇ ಅವರು ಟಿಕ್ ಮಾಡಿಬಿಡುತ್ತಾರೆ. ಪ್ರಶ್ನೆ ಮಾಡಿದವರು ಬಲೆ ಹಾಸುವುದು ‘ಏಕೆಂದರೆ’ ಅನ್ನುವುದರ ಆಚೆ.

ಮೊದಲು ಹಳೆಯ ನಿಯಮ, ಅಂದರೆ ಸ್ಟ್ರಿಕ್ಟ್ ಲಯಬಿಲಿಟಿ. ಅದಕ್ಕೆ ನನ್ನ ಕಣ್ಣೆದುರಿನ ಒಂದು ಘಟನೆ ಹೇಳುತ್ತೇನೆ. ಸಕಲೇಶಪುರದ ಆಚೆ ನಮ್ಮ ನೆಂಟರೊಬ್ಬರಿಗೆ ಕಾಫಿ ತೋಟ ಇದೆ. ಬೇಸಿಗೆಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಬೇಕಲ್ವಾ, ಅದಕ್ಕೆ ಜೆಸಿಬಿಯವನಿಗೆ ಗುತ್ತಿಗೆ ಕೊಟ್ಟು ಒಂದು ಹೊಂಡ ತೆಗೆಸಿ ಏರಿ ಹಾಕಿಸಿದರು. ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ಜುಲೈನಲ್ಲಿ ಏರಿಯ ಬುಡದಲ್ಲಿ ಸಣ್ಣಗೆ ಜಿನುಗುತ್ತಿದ್ದ ನೀರು ಒಂದು ದಿನ ಕೆಂಪಗಾಯಿತು. ತೋಟದ ಆಳೊಬ್ಬ ಅದನ್ನು ನೋಡಿ ಹೇಳಿದ್ದ. ತಿಳಿ ನೀರು ಜಿನುಗಿದರೆ ಅಷ್ಟು ಭಯವಿಲ್ಲ, ಕೆಂಪು ನೀರು ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದು ಅರ್ಥ. ಆ ರಾತ್ರಿಯೇ ಏರಿ ಒಡೆಯಿತು. ಕೆಳಗಿನವರ ಗದ್ದೆಯಲ್ಲಿ ಆಗಷ್ಟೇ ನಾಟಿ ಮಾಡಿದ್ದ ಪೈರಿನ ಮೇಲೆ ಮೊಣಕಾಲುದ್ದ ಕೆಸರು ನಿಂತಿತು.

ನೆಂಟರು ಹೇಳಿದ್ದು ಎರಡೇ ಮಾತು. ‘ಏರಿ ಹಾಕಿದವನು ಗುತ್ತಿಗೆದಾರ, ನಾನಲ್ಲ. ಮಳೆ ಬಂದಿದ್ದು ದೇವರ ಕೆಲಸ.’ ಊರಿನವರು ಕೂತು ಮಾತಾಡಿ ಮುಗಿಸಿದರು, ಕೋರ್ಟಿಗೆ ಹೋಗಲಿಲ್ಲ. ಆದರೆ ಆ ಎರಡು ಮಾತಿಗೂ ಕಾನೂನಿನಲ್ಲಿ ಉತ್ತರ ಇದೆ.

ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್ ಕೇಸೂ ಇಂಥದ್ದೇ. ರೈಲ್ಯಾಂಡ್ಸ್ ತನ್ನ ಮಿಲ್ಲಿಗೆ ನೀರು ಬೇಕೆಂದು ಗುತ್ತಿಗೆದಾರರಿಂದ ಜಲಾಶಯ ಕಟ್ಟಿಸಿದ. ಅದರ ತಳದಲ್ಲಿ ಯಾವಾಗಲೋ ಬಿಟ್ಟುಹೋದ ಹಳೆಯ ಗಣಿಬಾವಿಗಳಿದ್ದವು. ನೀರು ಅವುಗಳ ಮೂಲಕ ಇಳಿದು ಪಕ್ಕದ ಫ್ಲೆಚರ್‌ನ ಕಲ್ಲಿದ್ದಲ ಗಣಿಗೆ ನುಗ್ಗಿತು. ರೈಲ್ಯಾಂಡ್ಸ್‌ನ ಅಜಾಗ್ರತೆ ಏನೂ ಇರಲಿಲ್ಲ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣೆ ಮಾಡಿತು. ಹೊರಗೆ ಹೋದರೆ ಹಾನಿ ಮಾಡುವಂಥ ವಸ್ತುವನ್ನು ನಿನ್ನ ಉಪಯೋಗಕ್ಕೆ ನಿನ್ನ ಜಾಗಕ್ಕೆ ತಂದಿದ್ದೀಯ, ಆ ಬಳಕೆ ಜಾಗದ ಸಹಜ ಬಳಕೆಯಲ್ಲ, ಅದು ತಪ್ಪಿಸಿಕೊಂಡು ಹೊರಗೆ ಹೋಗಿ ಇನ್ನೊಬ್ಬರಿಗೆ ನಷ್ಟ ಮಾಡಿದೆ. ಹಾಗಿದ್ದರೆ ನೀನೇ ಕೊಡಬೇಕು. ‘ಗುತ್ತಿಗೆದಾರ ಮಾಡಿದ’ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ನೆಂಟರ ಎರಡು ಮಾತುಗಳಲ್ಲಿ ‘ದೇವರ ಕೆಲಸ’ ಅನ್ನುವುದು ಮಾತ್ರ ಈ ನಿಯಮದಲ್ಲಿ ನಿಜವಾದ ರಕ್ಷಣೆ. 1876ರ ನಿಕೋಲ್ಸ್ ವರ್ಸಸ್ ಮಾರ್ಸ್‌ಲ್ಯಾಂಡ್ ಕೇಸಿನಲ್ಲಿ, ಯಾರೂ ಊಹಿಸಲಾಗದಂಥ ಮಳೆಗೆ ಕೆರೆಗಳ ಏರಿ ಒಡೆದಾಗ ಮಾಲೀಕರು ಬಚಾವಾದರು. ಆದರೆ ಸಕಲೇಶಪುರದಲ್ಲಿ ಜುಲೈ ಮಳೆ ಊಹಿಸಲಾಗದ್ದು ಅಂತ ಯಾವ ಜಡ್ಜ್ ಮುಂದೆ ಹೇಳುತ್ತೀರಿ? ಮೂರನೆಯವರ ಕೃತ್ಯ, ನಷ್ಟವಾದವರದ್ದೇ ತಪ್ಪು, ಅವರ ಒಪ್ಪಿಗೆ, ಶಾಸನದ ಅಧಿಕಾರ ಇವೂ ಇದೇ ಗುಂಪಿನ ರಕ್ಷಣೆಗಳು.

ಕೆರೆ ಅಂದಾಗ ಇನ್ನೊಂದು ಮಾತು ಹೇಳಲೇಬೇಕು, ಪರೀಕ್ಷೆಯಲ್ಲಿ ಬರುತ್ತದೆ. ನಮ್ಮ ಕಡೆಯ ಹಳೆಯ ನೀರಾವರಿ ಕೆರೆಗಳಿಗೆ ರೈಲ್ಯಾಂಡ್ಸ್ ನಿಯಮ ನೇರವಾಗಿ ಹೊಂದುವುದಿಲ್ಲ. 1874ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಮತ್ತು ಕಾರ್ವೇಟಿನಗರ ಜಮೀನ್ದಾರರ ಕೇಸಿನಲ್ಲಿ, ಜಮೀನ್ದಾರರ ಕೆರೆ ಒಡೆದು ರೈಲು ಹಳಿ ಹಾಳಾಗಿತ್ತು. ಅಂಥ ಕೆರೆಗಳನ್ನು ಕಾಪಾಡಿಕೊಂಡು ಬರುವುದು ಜಮೀನ್ದಾರರ ಮೇಲಿದ್ದ ಕರ್ತವ್ಯ, ಜನ ಬದುಕುವುದೇ ಅದರಿಂದ, ಹಾಗಾಗಿ ಅಜಾಗ್ರತೆ ಇಲ್ಲದಿದ್ದರೆ ಹೊಣೆಯಿಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ತನ್ನ ತೋಟಕ್ಕೆಂದು ಒಬ್ಬ ತೆಗೆಸಿಕೊಂಡ ಹೊಸ ಹೊಂಡಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಈಗ ಅಬ್ಸಲ್ಯೂಟ್ ಲಯಬಿಲಿಟಿ. 1985ರ ಡಿಸೆಂಬರ್ 4ರಂದು ದೆಹಲಿಯಲ್ಲಿ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಭೋಪಾಲ್ ದುರಂತವಾಗಿ ಆಗಷ್ಟೇ ಒಂದು ವರ್ಷ ಕಳೆದಿತ್ತು. ಎಂ.ಸಿ. ಮೆಹ್ತಾ ಕೇಸಿನಲ್ಲಿ 1986ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿಯವರಿದ್ದ ಪೀಠ ಹೇಳಿದ್ದು ಹೀಗೆ: 19ನೇ ಶತಮಾನದ ಇಂಗ್ಲಿಷ್ ನಿಯಮಕ್ಕೆ ನಾವು ಕಟ್ಟುಬೀಳಬೇಕಿಲ್ಲ. ಅಪಾಯಕಾರಿ ಉದ್ಯಮ ನಡೆಸಿ ಲಾಭ ಮಾಡುವವರು ಅದರಿಂದಾದ ಹಾನಿಗೆ ಪೂರ್ತಿ ಹೊಣೆ. ರೈಲ್ಯಾಂಡ್ಸ್‌ನ ಯಾವ ರಕ್ಷಣೆಯೂ ಅವರಿಗೆ ಸಿಗುವುದಿಲ್ಲ. ಹಾನಿಯಾದವರು ಗೇಟಿನ ಒಳಗಿದ್ದರೋ ಹೊರಗಿದ್ದರೋ ಎಂಬ ಲೆಕ್ಕವೂ ಇಲ್ಲ. ಪರಿಹಾರದ ಮೊತ್ತವನ್ನು ಕಂಪನಿಯ ಗಾತ್ರ, ತಾಕತ್ತು ನೋಡಿ ನಿರ್ಧರಿಸಬೇಕು. ದೊಡ್ಡ ಕಂಪನಿಯಾದಷ್ಟೂ ಜಾಸ್ತಿ.

ನಿಮ್ಮ ಗೊಂದಲಕ್ಕೆ ಹೆಸರುಗಳೂ ಕಾರಣ. ರೈಲ್ಯಾಂಡ್ಸ್ ಕೇಸಿನಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರೇ ಕರ್ತವ್ಯವನ್ನು ಚರ್ಚಿಸುವಾಗ ‘ಅಬ್ಸಲ್ಯೂಟ್’ ಎಂಬ ಪದ ಬಳಸಿದ್ದರು. ಕನ್ನಡ ನೋಟ್ಸ್‌ಗಳಲ್ಲಿ ಒಬ್ಬರು ‘ಕಟ್ಟುನಿಟ್ಟಿನ ಹೊಣೆ’ ಎಂದರೆ ಇನ್ನೊಬ್ಬರು ‘ಸಂಪೂರ್ಣ ಹೊಣೆ’ ಎನ್ನುತ್ತಾರೆ. ಆದ್ದರಿಂದ ಹೆಸರು ನೋಡಿ ನಿರ್ಧರಿಸಬೇಡಿ.

ಈಗ ನಾನು ಜೂನಿಯರ್‌ಗಳಿಗೆ ಕೊಡುವ ಪ್ರಶ್ನೆಯನ್ನು ಬಿಡಿಸೋಣ. ಹಾಸನ ಅಂದರೆ ಆಲೂಗಡ್ಡೆ, ಆಲೂಗಡ್ಡೆ ಅಂದರೆ ಕೋಲ್ಡ್ ಸ್ಟೋರೇಜ್. ಹೀಗೆ ಬರೆದಿದೆ ಎಂದುಕೊಳ್ಳಿ: ‘ಒಂದು ಕಂಪನಿ ಅಮೋನಿಯಾ ಅನಿಲ ಬಳಸುವ ದೊಡ್ಡ ಶೀತಲ ಗೃಹವನ್ನು ಅಪಾಯಕಾರಿ ಉದ್ಯಮವಾಗಿ ನಡೆಸುತ್ತಿದೆ. ರಾತ್ರಿ ಹೊರಗಿನವನೊಬ್ಬ ನುಗ್ಗಿ ವಾಲ್ವ್ ತೆಗೆದ. ಒಳಗೆ ಮೂಟೆ ಹೊರುತ್ತಿದ್ದ ಹಮಾಲಿಗೂ, ಗೇಟಿನಾಚೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ ರೈತನಿಗೂ ಉಸಿರಾಟದ ತೊಂದರೆಯಾಯಿತು.’

ಎ. ಕಂಪನಿ ಹೊಣೆಯಲ್ಲ, ಏಕೆಂದರೆ ಅದು ಮೂರನೆಯವನ ಕೃತ್ಯ.
ಬಿ. ರೈತನಿಗೆ ಮಾತ್ರ ಹೊಣೆ, ಏಕೆಂದರೆ ಹಮಾಲಿಯ ಮಟ್ಟಿಗೆ ಅನಿಲ ಹೊರಗೆ ಹೋಗಲೇ ಇಲ್ಲ.
ಸಿ. ಇಬ್ಬರಿಗೂ ಹೊಣೆ, ಏಕೆಂದರೆ ಅಪಾಯಕಾರಿ ವಸ್ತು ತಂದು ಅದು ಹೊರಗೆ ಹೋಗಲು ಬಿಟ್ಟಿದೆ.
ಡಿ. ಇಬ್ಬರಿಗೂ ಹೊಣೆ, ಏಕೆಂದರೆ ಉದ್ಯಮ ಅಪಾಯಕಾರಿ, ರಕ್ಷಣೆ ಯಾವುದೂ ಇಲ್ಲ.

ಜಾಸ್ತಿ ಜನ ಬೀಳುವುದು ಸಿಗೆ. ಅದರ ಮೊದಲ ಅರ್ಧ ಸರಿ, ಇಬ್ಬರಿಗೂ ಪರಿಹಾರ ಸಿಗಲೇಬೇಕು. ಆದರೆ ಕೊಟ್ಟ ಕಾರಣ ರೈಲ್ಯಾಂಡ್ಸ್‌ನದ್ದು. ಆ ಕಾರಣ ಹಿಡಿದರೆ ಹಮಾಲಿಗೆ ಏನೂ ಸಿಗುವುದಿಲ್ಲ. 1947ರ ರೀಡ್ ವರ್ಸಸ್ ಲಯನ್ಸ್ ಕೇಸಿನಲ್ಲಿ ಮದ್ದುಗುಂಡು ಕಾರ್ಖಾನೆಯ ಒಳಗೇ ಸ್ಫೋಟದಿಂದ ಗಾಯಗೊಂಡ ಮಹಿಳೆ ಸೋತಿದ್ದು ಇದಕ್ಕೇ, ವಸ್ತು ಕಾರ್ಖಾನೆ ದಾಟಿರಲಿಲ್ಲ. ಅಷ್ಟೇ ಅಲ್ಲ, ಆ ಕಾರಣ ಹಿಡಿದರೆ ಮೂರನೆಯವನ ಕೃತ್ಯ ಎಂಬ ರಕ್ಷಣೆಯೂ ಎದ್ದು ಕೂರುತ್ತದೆ, ರೈತನೂ ಸೋಲಬಹುದು. ಅಂದರೆ ಸಿ ತನ್ನ ಕಾರಣದಿಂದಲೇ ತಾನು ಬೀಳುತ್ತದೆ. ಬಿ ಹಳೆಯ ನಿಯಮದ ಒಂದು ಸರಿಯಾದ ತುಂಡನ್ನು ತಪ್ಪು ಕಡೆ ಅಂಟಿಸಿದೆ. ಎ ಕೂಡ ಹಾಗೇ. ಉತ್ತರ ಡಿ. ಎ, ಬಿ, ಸಿ ಮೂರರ ಕಾರಣವೂ ರೈಲ್ಯಾಂಡ್ಸ್‌ನಲ್ಲಿ ಸಿಗುವಂಥದ್ದೇ, ಅದಕ್ಕೇ ಓದಿದವರಿಗೆ ಪರಿಚಿತ ಅನ್ನಿಸುತ್ತವೆ.

ಇದೇ ಪ್ರಶ್ನೆಯ ತಲೆಯ ಮೇಲೆ ‘ತತ್ವ’ ಎಂದು ರೈಲ್ಯಾಂಡ್ಸ್ ನಿಯಮವನ್ನು ರಕ್ಷಣೆಗಳ ಸಮೇತ ಕೊಟ್ಟು, ‘ಈ ತತ್ವವನ್ನಷ್ಟೇ ಅನ್ವಯಿಸಿ’ ಎಂದಿದ್ದರೆ ಉತ್ತರ ಎ ಆಗುತ್ತದೆ. ಆಗ ಮೆಹ್ತಾ ಕೇಸು ನಿಮಗೆ ಎಷ್ಟೇ ಚೆನ್ನಾಗಿ ಗೊತ್ತಿರಲಿ, ಅದನ್ನು ತರುವ ಹಾಗಿಲ್ಲ. ನನ್ನ ಜೂನಿಯರ್ ಒಬ್ಬಳು ಇಲ್ಲಿ ಪ್ರತಿ ಸಲ ಡಿ ಟಿಕ್ ಮಾಡುತ್ತಿದ್ದಳು. ‘ಸಾರ್, ಆ ಹಮಾಲಿಗೆ ಅನ್ಯಾಯ ಆಗುತ್ತಲ್ಲ’ ಅಂತಿದ್ದಳು. ಅವಳ ಮಾತು ಸರಿ, ಭಗವತಿಯವರು ನಿಯಮ ಬದಲಿಸಿದ್ದೂ ಅದಕ್ಕೇ. ಆದರೆ ಕೊಟ್ಟ ತತ್ವದಲ್ಲಿ ಅದಿಲ್ಲ.

ಇನ್ನೊಂದು ಬಲೆ: ‘ವಸ್ತು ಅಪಾಯಕಾರಿ, ಆದ್ದರಿಂದ ಅಬ್ಸಲ್ಯೂಟ್.’ ವಸ್ತುವಿನ ಅಪಾಯ ಎರಡರಲ್ಲೂ ಇದೆ, ಅದರಿಂದ ಬೇರೆ ಮಾಡಲು ಆಗುವುದಿಲ್ಲ. ನೋಡಬೇಕಾದ್ದು ಯಾರು ಏನು ನಡೆಸುತ್ತಿದ್ದಾರೆ ಎಂದು. ಮನೆ ಹಿಂದೆ ಹೊಂಡ ತೋಡಿದವನೋ, ಅಪಾಯಕಾರಿ ಉದ್ಯಮ ನಡೆಸುವ ಸಂಸ್ಥೆಯೋ? ಹಾಗೆಯೇ ‘ಎಲ್ಲಾ ಎಚ್ಚರಿಕೆ ತೆಗೆದುಕೊಂಡಿದ್ದರಿಂದ ಹೊಣೆಯಿಲ್ಲ’ ಅನ್ನುವ ಆಯ್ಕೆ ಎರಡರಲ್ಲೂ ತಪ್ಪು, ಅದನ್ನು ಮೊದಲೇ ಹೊಡೆದುಹಾಕಿ. ಅದು ಅಜಾಗ್ರತೆಯ ಕೇಸಿಗೆ ಸೇರಿದ ಮಾತು.

ಕೊನೆಯದು ಮಲೆನಾಡಿನವರಿಗೆಲ್ಲ ಗೊತ್ತಿರುವ ಚಿತ್ರ, ಮಳೆಗಾಲದಲ್ಲಿ ತುಂಡಾಗಿ ಬಿದ್ದ ಕರೆಂಟ್ ತಂತಿ. 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿ ವರ್ಸಸ್ ಶೈಲ್ ಕುಮಾರಿ ಕೇಸು ಸುಪ್ರೀಂ ಕೋರ್ಟಿಗೆ ಬಂತು. ರಾತ್ರಿ ಸೈಕಲ್‌ನಲ್ಲಿ ಮನೆಗೆ ಹೊರಟವನು ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತಿದ್ದ. ಯಾರೋ ಕರೆಂಟ್ ಕದಿಯಲು ತಂತಿ ಎಳೆದಿದ್ದರು, ಅದು ಮೂರನೆಯವರ ಕೃತ್ಯ ಎಂದು ಮಂಡಳಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ಇದನ್ನು ಓದಿದವರು ‘ರಕ್ಷಣೆ ಸಿಗಲಿಲ್ಲ, ಹಾಗಾದರೆ ಅಬ್ಸಲ್ಯೂಟ್’ ಎಂದು ಟಿಕ್ ಮಾಡುತ್ತಾರೆ. ಆದರೆ ಕೋರ್ಟ್ ಹೇಳಿದ್ದು ಸ್ಟ್ರಿಕ್ಟ್ ಲಯಬಿಲಿಟಿ ಎಂದೇ. ಅಂಥ ಕಳ್ಳತನವನ್ನು ಮಂಡಳಿ ಮೊದಲೇ ಊಹಿಸಿ ತಡೆಯಬೇಕಿತ್ತು, ಹಾಗಾಗಿ ಆ ರಕ್ಷಣೆ ಈ ಸಂದರ್ಭಕ್ಕೆ ನಿಲ್ಲಲಿಲ್ಲ. ರಕ್ಷಣೆಯೇ ಇಲ್ಲ ಅನ್ನುವುದು ಬೇರೆ, ಇರುವ ರಕ್ಷಣೆಯನ್ನು ಸಾಬೀತು ಮಾಡಲು ಆಗಲಿಲ್ಲ ಅನ್ನುವುದು ಬೇರೆ. ನಿಮ್ಮ ಮುಂದಿನ ಮಾಕ್ ಟೆಸ್ಟಿನಲ್ಲಿ ಎರಡು ಆಯ್ಕೆ ಸರಿ ಅನ್ನಿಸಿದಾಗ, ಅವೆರಡರಲ್ಲಿ ಯಾವುದು ಈ ಎರಡು ಮಾತುಗಳನ್ನು ಒಂದು ಮಾಡಿದೆ ಎಂದು ಮೊದಲು ಹುಡುಕಿ ನೋಡಿ.