ಎರಡು ಬಿಪಿ ಯಂತ್ರ, ಒಂದು ಬ್ಲಾಂಡ್-ಆಲ್ಟ್‌ಮನ್ ಗ್ರಾಫ್

ಪ್ರಶ್ನೆ: ಬದಿಯಡ್ಕದ ನಮ್ಮ ಕ್ಲಿನಿಕ್‌ನಲ್ಲಿ 40 ಜನರ ಬಿಪಿಯ ಮೇಲಿನ ಅಂಕಿಯನ್ನು ಪಾದರಸದ ಯಂತ್ರದಲ್ಲೂ ಡಿಜಿಟಲ್‌ನಲ್ಲೂ ನೋಡಿದೆವು. ಡಿಜಿಟಲ್‌ನಿಂದ ಪಾದರಸದ್ದನ್ನು ಕಳೆದು ಮಾಡಿದ ಬ್ಲಾಂಡ್-ಆಲ್ಟ್‌ಮನ್ ಗ್ರಾಫ್‌ನಲ್ಲಿ ನಡುಗೆರೆ +4, ಹೊರಗೆರೆಗಳು +16 ಮತ್ತು −8. ಏನರ್ಥ?

ಡಿಜಿಟಲ್ ಯಂತ್ರ ಸರಾಸರಿ 4 ಜಾಸ್ತಿ ತೋರಿಸುತ್ತಿದೆ. ಆದರೆ ಒಬ್ಬೊಬ್ಬರನ್ನೇ ನೋಡಿದರೆ 8 ಕಡಿಮೆಯೂ ಇರಬಹುದು, 16 ಜಾಸ್ತಿಯೂ ಇರಬಹುದು. ನನ್ನ ಪ್ರಕಾರ ಒಂದರ ಬದಲು ಇನ್ನೊಂದನ್ನು ಬಳಸಲು ಇದು ಸಾಲದು.

ಈ ಗ್ರಾಫ್‌ನಲ್ಲಿ ಒಂದು ಚುಕ್ಕೆ ಅಂದರೆ ಒಬ್ಬ ವ್ಯಕ್ತಿ. ಅವರ ಎರಡು ಅಳತೆಗಳ ಸರಾಸರಿ ಅಡ್ಡಕ್ಕೆ, ವ್ಯತ್ಯಾಸ ಎತ್ತರಕ್ಕೆ. ವ್ಯತ್ಯಾಸಗಳು ಎಷ್ಟು ಚದುರಿವೆ ಎಂದು ಹೇಳುವ ಪ್ರಮಾಣ ವಿಚಲನೆ ನಿಮ್ಮಲ್ಲಿ ಸುಮಾರು 6. ಅದರ 1.96 ಪಟ್ಟು, ಅಂದರೆ ಹತ್ತಿರ ಹತ್ತಿರ 12, ನಡುಗೆರೆಯಿಂದ ಮೇಲಕ್ಕೂ ಕೆಳಕ್ಕೂ ಹೋದರೆ ಹೊರಗೆರೆಗಳು. 100ರಲ್ಲಿ ಸುಮಾರು 95 ವ್ಯತ್ಯಾಸಗಳು ಇವುಗಳ ಒಳಗೆ ಬೀಳುತ್ತವೆ.

ಆ 4 ದೊಡ್ಡ ತೊಂದರೆಯಲ್ಲ, ಕಳೆದುಬಿಡಬಹುದು. ಕಳೆದ ಮೇಲೂ ಆಚೀಚೆ 12 ಉಳಿಯುತ್ತದಲ್ವಾ, ಅದೇ ಕಷ್ಟ. ಪಾದರಸದಲ್ಲಿ 136 ಬಂದವರಿಗೆ ಡಿಜಿಟಲ್‌ನ ಅಂಕಿ 4 ಕಳೆದ ಮೇಲೆ 124 ಆಗಿರಬಹುದು, 148 ಕೂಡ ಆಗಿರಬಹುದು. ಬಿಪಿ ಜಾಸ್ತಿ ಎನ್ನುವ 140ರ ಗಡಿ ಅದರ ನಡುವೆಯೇ ಇದೆ. ಎಷ್ಟು ವ್ಯತ್ಯಾಸ ಪರವಾಗಿಲ್ಲ ಎಂಬುದನ್ನು ಗ್ರಾಫ್ ಹೇಳುವುದಿಲ್ಲ, ಅದನ್ನು ವೈದ್ಯರು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಚುಕ್ಕೆಗಳ ಆಕಾರವನ್ನೂ ನೋಡಿ. ಬಲಕ್ಕೆ ಹೋದಂತೆ ಅವು ಲಾಳಿಕೆಯ ಹಾಗೆ ಅಗಲವಾದರೆ, ಬಿಪಿ ಜಾಸ್ತಿ ಇರುವವರಲ್ಲಿ ವ್ಯತ್ಯಾಸವೂ ಜಾಸ್ತಿ. ಆಗ ಎಲ್ಲರಿಗೂ ಒಂದೇ ±12 ಹೊಂದುವುದಿಲ್ಲ.

ಇನ್ನೊಂದು ಮಾತು: ಸಾಧ್ಯವಾದರೆ ಪ್ರತಿ ಯಂತ್ರದಲ್ಲೂ ಎರಡೆರಡು ಸಲ ನೋಡಿ. ಪಾದರಸದ ಯಂತ್ರವೇ ಎರಡನೇ ಸಲ ಬೇರೆ ಅಂಕಿ ಕೊಟ್ಟರೆ, ತಪ್ಪೆಲ್ಲ ಡಿಜಿಟಲ್‌ನದ್ದಲ್ಲ.